ಉಳಿದುಕೊಂಡ ಮನೆಗೆ ಬೀಳ್ಕೊಳ್ಳುವ ಪತ್ರ: ಬರೆಯುವ ಕ್ರಮ ಮತ್ತು ಒಂದು ಪೂರ್ಣ ಮಾದರಿ

ರೋಟರಿ ಯುವ ವಿನಿಮಯದಂತಹ ಕಾರ್ಯಕ್ರಮಗಳಲ್ಲಿ ಹೊರದೇಶದಿಂದ ಬರುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಇಲ್ಲಿಯ ಕುಟುಂಬಗಳ ಜೊತೆ ಇರುತ್ತಾರೆ. ಶಿವಮೊಗ್ಗ ಪಟ್ಟಣದ ಮನೆಯಿರಲಿ, ಸಾಗರ ಅಥವಾ ತೀರ್ಥಹಳ್ಳಿ ಕಡೆಯ ತೋಟದ ಮನೆಯಿರಲಿ, ಹೊರಡುವ ದಿನ ಹತ್ತಿರ ಬಂದಾಗ ಆ ವಿದ್ಯಾರ್ಥಿಯ ಮುಂದೆ ಒಂದು ಖಾಲಿ ಹಾಳೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕನ್ನಡ ಒಂದಿಷ್ಟು ಕೈಗೆ ಬಂದಿರುತ್ತದೆ, ಹೇಳಬೇಕಾದದ್ದೂ ಬೇಕಾದಷ್ಟಿರುತ್ತದೆ. ಆದರೂ ಬರೆದ ಪತ್ರ ಶಾಲೆಯ ವಾರ್ಷಿಕೋತ್ಸವದ ವಂದನಾರ್ಪಣೆಯ ಹಾಗೆ ಕೇಳಿಸುತ್ತದೆ. ಅದು ಹಾಗಾಗದಂತೆ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಪತ್ರ ಬರೆಯುವ ವಿದ್ಯಾರ್ಥಿಗೂ, ಪಕ್ಕದಲ್ಲಿ ಕುಳಿತು ತಿದ್ದಿಕೊಡುವ ಸಹಪಾಠಿಗೂ, ಕನ್ನಡ ಮೇಷ್ಟರಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಮುಖ್ಯ ತೊಡಕನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಮನೆಯವರಿಗೆ ಯಾರೂ ಧನ್ಯವಾದ ಹೇಳುವುದಿಲ್ಲ. ಊಟ ಬಡಿಸಿದ ತಾಯಿಗೆ ಮಗಳು ‘ಧನ್ಯವಾದಗಳು’ ಎಂದರೆ ತಾಯಿ ನಗುತ್ತಾಳೆ, ಇಲ್ಲವೇ ಇವಳಿಗೆ ಏನೋ ಬೇಸರವಾಗಿದೆ ಎಂದು ತಿಳಿಯುತ್ತಾಳೆ. ಹೀಗಿರುವಾಗ ವರ್ಷವಿಡೀ ಮನೆಯ ಮಗಳಂತೆ ಇದ್ದವಳು ಕೊನೆಯ ದಿನ ಸಾಲು ಸಾಲಾಗಿ ಧನ್ಯವಾದಗಳನ್ನು ಬರೆದರೆ ಅವಳು ಮತ್ತೆ ನೆಂಟಳಾಗುತ್ತಾಳೆ. ಆದ್ದರಿಂದ ಆ ಪದವನ್ನು ಪತ್ರದಲ್ಲಿ ಒಮ್ಮೆ ಬಳಸಿ, ಅಥವಾ ಬಳಸದೇ ಇರಿ. ಅವರು ನಿಮಗಾಗಿ ಏನು ಮಾಡಿದರು ಎಂಬುದನ್ನು ನೀವು ಗಮನಿಸಿದ್ದಿರಿ ಎಂದು ತೋರಿಸುವುದೇ ಪತ್ರದ ಕೆಲಸ. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ ಇವೆ.

ಮೊದಲು ಟಿಪ್ಪಣಿ, ಆಮೇಲೆ ಪತ್ರ

ಹೊರಡುವುದಕ್ಕೆ ಎರಡು ಮೂರು ವಾರ ಇರುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಮಾಡಿಕೊಳ್ಳಲು ಆರಂಭಿಸಿ. ಕೊನೆಯ ವಾರದಲ್ಲಿ ಸಾಮಾನು ಕಟ್ಟುವುದು, ಪರಿಚಯದವರ ಮನೆಗಳಲ್ಲಿ ಊಟ, ಕಾಗದಪತ್ರಗಳ ಓಡಾಟ ಎಲ್ಲ ಒಟ್ಟಿಗೆ ಬರುತ್ತವೆ. ಆಗ ನೆನಪಿಗೆ ಬರುವುದು ಜೋಗ ಜಲಪಾತ, ದಸರಾ, ಯಕ್ಷಗಾನ ಇಂಥ ದೊಡ್ಡ ಸಂಗತಿಗಳು ಮಾತ್ರ. ಅವು ಪತ್ರಕ್ಕೆ ಹೆಚ್ಚು ಒದಗುವುದಿಲ್ಲ. ಜೋಗವನ್ನು ಯಾರು ಬೇಕಾದರೂ ನೋಡಬಹುದು. ಆ ಮನೆಯವರು ಮಾತ್ರ ಮಾಡಿದ್ದು ಏನು ಎಂಬುದು ನಿಮಗೆ ಬೇಕು.

ಟಿಪ್ಪಣಿಯನ್ನು ವಿಷಯದ ಪ್ರಕಾರ ಮಾಡುವುದಕ್ಕಿಂತ ಕಾಲದ ಪ್ರಕಾರ ಮಾಡುವುದು ಸುಲಭ. ಮಲೆನಾಡಿನಲ್ಲಿ ವರ್ಷ ತಾನಾಗಿಯೇ ಭಾಗವಾಗಿರುತ್ತದೆ. ಆಗಸ್ಟ್‌ನ ಮಳೆ, ಕೆಸುವಿನ ಸೊಪ್ಪಿನ ಪತ್ರೊಡೆ, ಒಣಗದ ಬಟ್ಟೆ, ಕಾಲಿಗೆ ಹತ್ತಿ ರಕ್ತ ಹೀರಿದ ಉಂಬಳ. ಸೀಗೆ ಹುಣ್ಣಿಮೆಯ ದಿನ ಗದ್ದೆ ತೋಟಗಳಲ್ಲಿ ನಡೆಯುವ ಭೂಮಿ ಹುಣ್ಣಿಮೆಯ ಪೂಜೆ. ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರು. ಅದರ ಬೆನ್ನಿಗೇ ಅಡಿಕೆ ಕೊಯ್ಲು, ರಾತ್ರಿ ಸುಲಿತ, ಹಂಡೆಯಲ್ಲಿ ಬೇಯಿಸುವುದು, ಅಂಗಳದಲ್ಲಿ ಹರಡುವುದು. ಬೇಸಿಗೆಯಲ್ಲಿ ಅಪ್ಪೆಮಿಡಿ, ಹಲಸಿನ ಹಪ್ಪಳ. ಈ ಒಂದೊಂದು ಕಾಲವನ್ನೂ ನೆನೆದುಕೊಂಡು, ಆಗ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು, ನೀವು ಎಲ್ಲಿ ಕುಳಿತಿರುತ್ತಿದ್ದಿರಿ, ನಿಮಗಾಗಿ ಯಾರು ಏನನ್ನು ಬದಲಾಯಿಸಿಕೊಂಡರು ಎಂದು ಒಂದೆರಡು ಸಾಲು ಬರೆದಿಡಿ. ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಒಗ್ಗರಣೆಯ ಮೆಣಸು ಹಾಕುವ ಮೊದಲೇ ಒಂದು ಬಟ್ಟಲು ಸಾರನ್ನು ತೆಗೆದಿಟ್ಟವರು ಯಾರು? ಟಿವಿಯ ವಾರ್ತೆಯ ಹೊತ್ತಿನಲ್ಲಿ ನಿಮಗೆ ಮನೆಗೆ ಫೋನ್ ಮಾಡಲು ಜಗಲಿ ಬಿಟ್ಟುಕೊಟ್ಟವರು ಯಾರು? ಆತಿಥ್ಯದ ಬಹುಪಾಲು ಹೀಗೆ ಹೇಳದೆ ಮಾಡಿದ ಬದಲಾವಣೆಗಳಲ್ಲೇ ಇರುತ್ತದೆ. ಮಾಡಿದವರು ಅದನ್ನು ತಾವಾಗಿ ಎತ್ತುವುದಿಲ್ಲವಾದ್ದರಿಂದ ನೀವೇ ಹೇಳಬೇಕು.

ಇದರ ಜೊತೆಗೆ ಮನೆಯ ಜನರ ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಮನೆ ಎಂದರೆ ಒಂದೇ ಸೂರಿನಡಿ ಮಲಗುವವರು ಮಾತ್ರವಲ್ಲ. ಅಡಿಗೆಗೆ ಕೈಜೋಡಿಸಲು ಬರುವ ಹೆಂಗಸು, ಮರದಿಂದ ಅಡಿಕೆಯ ಕೊನೆ ಇಳಿಸುವಾಗ ನಿಮಗೆ ಹಗ್ಗ ಹಿಡಿಯಲು ಕಲಿಸಿದ ಕೊನೆಗಾರ, ಜ್ವರ ಬಂದಾಗ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ ಪಕ್ಕದ ಮನೆಯ ಅಣ್ಣ, ಇವರೆಲ್ಲ ಪಟ್ಟಿಯಲ್ಲಿರಬೇಕು. ಎಲ್ಲರ ಬಗ್ಗೆಯೂ ಪ್ಯಾರಾ ಬೇಕಿಲ್ಲ. ಒಂದು ಸಾಲಿನಲ್ಲಿ ಹೆಸರು ಬಂದರೂ ಸಾಕು. ಪತ್ರವನ್ನು ಗಟ್ಟಿಯಾಗಿ ಓದಿದಾಗ ತನ್ನ ಹೆಸರು ಬರಲಿಲ್ಲವೆಂಬುದು ಅಲ್ಲಿ ನಿಂತು ಕೇಳುತ್ತಿರುವ ವ್ಯಕ್ತಿಗೆ ಗೊತ್ತಾಗಿಯೇ ಆಗುತ್ತದೆ.

ಗಟ್ಟಿಯಾಗಿ ಓದುವ ಮಾತು ಸುಮ್ಮನೆ ಹೇಳಿದ್ದಲ್ಲ. ಇಂಥ ಪತ್ರವನ್ನು ಒಬ್ಬರೇ ಕೋಣೆಯಲ್ಲಿ ಕುಳಿತು ಓದುವುದಿಲ್ಲ. ಕನ್ನಡಕ ಸಿಗದ ಅಜ್ಜಿಗಾಗಿ, ಕೈ ಒದ್ದೆಯಿರುವ ಅಮ್ಮನಿಗಾಗಿ ಮನೆಯ ಮಗನೋ ಮಗಳೋ ಜಗಲಿಯಲ್ಲಿ ನಿಂತು ಓದುತ್ತಾರೆ. ಮರುದಿನ ನೆಂಟರು ಬಂದರೆ ಇನ್ನೊಮ್ಮೆ ಓದುತ್ತಾರೆ. ಆದ್ದರಿಂದ ವಾಕ್ಯಗಳು ಉಸಿರಿಗೆ ಎಟುಕುವಷ್ಟು ಉದ್ದವಿರಬೇಕು, ಮತ್ತು ಎಲ್ಲರ ಮುಂದೆ ಓದಲಾಗದ ಮಾತು ಅದರಲ್ಲಿ ಇರಬಾರದು. ಅಕ್ಕ ತನ್ನ ಗುಟ್ಟು ಹೇಳಿಕೊಂಡಿದ್ದರೆ, ತಮ್ಮನಿಗೆ ಮಾತ್ರ ಹೇಳಬೇಕಾದ ಮಾತಿದ್ದರೆ, ಅದಕ್ಕೆ ಬೇರೆಯೇ ಒಂದು ಚೀಟಿ ಬರೆದು ಬೇರೆಯಾಗಿ ಕೊಡಿ.

ಸಂಬೋಧನೆ

ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಕಲಿತ ಪತ್ರದ ಮಾದರಿಯಲ್ಲಿ ಎಡಗಡೆ ‘ಕ್ಷೇಮ’, ನಡುವೆ ‘ಶ್ರೀ’, ಬಲಗಡೆ ಊರು ಮತ್ತು ದಿನಾಂಕ ಇರುತ್ತವೆ. ಊರು ಮತ್ತು ದಿನಾಂಕವನ್ನು ಖಂಡಿತ ಬರೆಯಿರಿ, ಏಕೆಂದರೆ ಈ ಪತ್ರವನ್ನು ಮನೆಯವರು ಇಟ್ಟುಕೊಳ್ಳುತ್ತಾರೆ. ‘ಶ್ರೀ’ ಬರೆಯುವುದು ಬಿಡುವುದು ನಿಮ್ಮ ಇಷ್ಟ. ‘ಇತ್ತ ನಾನು ಕ್ಷೇಮ, ಅತ್ತ ನೀವೂ ಕ್ಷೇಮವೆಂದು ನಂಬಿದ್ದೇನೆ’ ಎಂಬ ಸಾಲನ್ನು ಮಾತ್ರ ಈಗ ಬರೆಯಬೇಡಿ. ಪತ್ರ ಬರೆಯುತ್ತಿರುವುದು ಅದೇ ಮನೆಯ ಮಹಡಿಯ ಕೋಣೆಯಲ್ಲಿ. ಅವರು ಕ್ಷೇಮವಾಗಿರುವುದು ಕೆಳಗಿನ ಪಾತ್ರೆಯ ಸದ್ದಿನಿಂದಲೇ ಗೊತ್ತಾಗುತ್ತಿರುತ್ತದೆ. ಆ ಸಾಲು ಊರು ಮುಟ್ಟಿದ ಮೇಲಿನ ಪತ್ರಕ್ಕೆ ಇರಲಿ.

ಹೆತ್ತವರಲ್ಲದ ಹಿರಿಯರಿಗೆ ಬರೆಯುವಾಗ ‘ತೀರ್ಥರೂಪ ಸಮಾನರಾದ’, ‘ಮಾತೃಶ್ರೀ ಸಮಾನರಾದ’ ಎಂದು ಆರಂಭಿಸುವ ಪದ್ಧತಿ ನಮ್ಮಲ್ಲಿ ಇದೆ. ತಂದೆ ತಾಯಿಯ ಸ್ಥಾನವನ್ನು ಕೊಟ್ಟೂ, ನಿಮ್ಮ ಹೆತ್ತವರ ಸ್ಥಾನವನ್ನು ತೆಗೆದುಕೊಳ್ಳದೆ ಇರುವ ಈ ಸಂಬೋಧನೆ ವಿನಿಮಯ ವಿದ್ಯಾರ್ಥಿಗೆಂದೇ ಮಾಡಿದಷ್ಟು ಸರಿಹೊಂದುತ್ತದೆ. ಆದರೆ ಅದನ್ನು ಮೊದಲ ಸಾಲಿಗೆ ಮಾತ್ರ ಬಳಸಿ. ಎರಡನೆಯ ಸಾಲಿನಿಂದ ನೀವು ದಿನವೂ ಕರೆಯುತ್ತಿದ್ದ ಹೆಸರೇ ಬರಬೇಕು. ಅಪ್ಪಯ್ಯ ಎನ್ನುತ್ತಿದ್ದರೆ ಅಪ್ಪಯ್ಯ, ಸಾಗರದ ಕಡೆಯ ಹವ್ಯಕರ ಮನೆಯಲ್ಲಿ ಆಯಿ ಎನ್ನುತ್ತಿದ್ದರೆ ಆಯಿ, ಅಂಕಲ್ ಆಂಟಿ ಎನ್ನುತ್ತಿದ್ದರೆ ಅದೇ. ವರ್ಷವಿಡೀ ಆಂಟಿ ಎಂದವಳು ಪತ್ರದಲ್ಲಿ ಏಕಾಏಕಿ ಅಮ್ಮ ಎಂದರೆ ಕೇಳುವವರಿಗೆ ಅದು ನಾಟಕವೆನಿಸಬಹುದು.

ನೀನು, ನೀವುಗಳ ಗೊಂದಲಕ್ಕೆ ಸುಲಭ ಪರಿಹಾರವಿದೆ. ಮನೆಯ ಮಕ್ಕಳು ತಾಯಿಗೆ ‘ನೀನು’ ಎನ್ನುತ್ತಾರೆ, ನೀವೂ ಹಾಗೆಯೇ ಕಲಿತಿರಬಹುದು. ಪತ್ರ ಇಡೀ ಮನೆಗೆ ಬರೆದದ್ದಾದ್ದರಿಂದ ‘ನೀವು’ ಎಂಬುದು ಬಹುವಚನವಾಗಿಯೂ ಗೌರವವಾಗಿಯೂ ಒಟ್ಟಿಗೆ ನಡೆಯುತ್ತದೆ. ಮೂರನೆಯವರ ಬಗ್ಗೆ ಹೇಳುವಾಗ ಮಾತ್ರ ಎಚ್ಚರ ಬೇಕು: ಅಜ್ಜಿ ‘ಕಲಿಸಿದರು’, ಕೊನೆಗಾರರು ‘ತೋರಿಸಿದರು’. ಕೆಲಸಕ್ಕೆ ಬರುವ ಹಿರಿಯರನ್ನು ಮನೆಯವರು ಏಕವಚನದಲ್ಲಿ ಕರೆದರೂ ಹದಿನೇಳರ ಹರೆಯದ ನೀವು ಹಾಗೆ ಬರೆಯುವಂತಿಲ್ಲ.

ಒಡಲಿನಲ್ಲಿ ಮೂರೇ ಸಂಗತಿ

ಪತ್ರ ಎ4 ಹಾಳೆಯ ಎರಡು ಮಗ್ಗುಲಿಗಿಂತ ಹೆಚ್ಚಾಗಬಾರದು. ಗಟ್ಟಿಯಾಗಿ ಓದಿದರೆ ಮೂರು ನಾಲ್ಕು ನಿಮಿಷ. ಇಷ್ಟರಲ್ಲಿ ಚೆನ್ನಾಗಿ ಹೇಳಲು ಸಾಧ್ಯವಿರುವುದು ಮೂರು ಸಂಗತಿಗಳನ್ನು. ನೋಟ್‌ಬುಕ್ಕಿನಲ್ಲಿ ಮೂವತ್ತಿದ್ದರೂ ಮೂರನ್ನೇ ಆರಿಸಿ. ಉಳಿದವುಗಳನ್ನು ಮುಂದಿನ ಪತ್ರಗಳಿಗೆ ಇಟ್ಟುಕೊಳ್ಳಿ. ಆರಿಸುವಾಗ ಮನೆಯ ಬೇರೆ ಬೇರೆ ಜನರಿಗೆ ಒಂದೊಂದು ಸೇರುವ ಹಾಗೆ ನೋಡಿಕೊಳ್ಳಿ. ಮೂರೂ ಅಮ್ಮನ ಅಡಿಗೆಯ ಬಗ್ಗೆಯೇ ಆಗಿಬಿಡುವುದು ಸಾಮಾನ್ಯ ದೋಷ.

ಒಂದು ವಾಕ್ಯವನ್ನು ಕಟ್ಟುವುದು ಹೇಗೆಂದು ನೋಡೋಣ. ಹೆಚ್ಚಿನವರು ಮೊದಲು ಬರೆಯುವುದು ಹೀಗೆ:

‘ನೀವು ನನ್ನನ್ನು ಸ್ವಂತ ಮಗಳಂತೆ ನೋಡಿಕೊಂಡಿರಿ. ನಿಮ್ಮ ಪ್ರೀತಿ ವಾತ್ಸಲ್ಯಕ್ಕೆ ನಾನು ಚಿರಋಣಿ.’

ಇದರಲ್ಲಿ ಸುಳ್ಳಿಲ್ಲ. ಆದರೆ ಹೆಸರು ತೆಗೆದು ಬೇರೆ ಯಾವ ಮನೆಗೆ ಕಳಿಸಿದರೂ ಇದು ನಡೆಯುತ್ತದೆ, ಮತ್ತು ಹಾಗೆ ನಡೆಯುವ ಸಾಲನ್ನು ಹೊಡೆದುಹಾಕುವುದೇ ಒಳ್ಳೆಯದು. ಮಗಳಂತೆ ನೋಡಿಕೊಂಡರು ಎಂದು ನಿಮಗೆ ಅನ್ನಿಸಿದ್ದು ಯಾವಾಗ ಎಂದು ಕೇಳಿಕೊಳ್ಳಿ. ಉತ್ತರ ಬಂದರೆ ವಾಕ್ಯವೂ ಬರುತ್ತದೆ:

‘ಕೊನೆಯ ಬಸ್ಸಿಗೆ ಬರುವ ದಿನಗಳಲ್ಲಿ ಅಪ್ಪಯ್ಯ ಟಾರ್ಚ್ ಹಿಡಿದು ರಸ್ತೆಯ ತಿರುವಿನವರೆಗೆ ಬಂದು ನಿಲ್ಲುತ್ತಿದ್ದರು. ತಡವಾಯಿತೆಂದು ಒಮ್ಮೆಯೂ ಬೈಯಲಿಲ್ಲ. ನಾಳೆ ಮಳೆ ಬರಬಹುದು ಎಂದಷ್ಟೇ ಹೇಳಿ ಮುಂದೆ ನಡೆಯುತ್ತಿದ್ದರು.’

ಪ್ರೀತಿ ಎಂಬ ಪದ ಇಲ್ಲಿ ಬಂದೇ ಇಲ್ಲ. ಓದುತ್ತಿರುವ ಮಗನ ದನಿ ಈ ಸಾಲಿನಲ್ಲಿ ಸ್ವಲ್ಪ ನಿಧಾನವಾಗುತ್ತದೆ, ಅಪ್ಪಯ್ಯ ಎದ್ದು ಎಲೆ ಅಡಿಕೆಯ ತಟ್ಟೆ ಹುಡುಕುತ್ತಾರೆ. ಇನ್ನು ವಿವರಿಸುವ ಅಗತ್ಯವಿರುವುದಿಲ್ಲ. ಆದ್ದರಿಂದ ಸಂಗತಿಯನ್ನು ಹೇಳಿದ ಮೇಲೆ ‘ಇದರಿಂದ ನಿಮ್ಮ ಕಾಳಜಿ ನನಗೆ ಅರ್ಥವಾಯಿತು’ ಎಂಬ ಬಾಲವನ್ನು ಜೋಡಿಸಬೇಡಿ.

ಇನ್ನೊಂದು ಜಾತಿಯ ವಾಕ್ಯದ ಬಗ್ಗೆಯೂ ಎಚ್ಚರ ಹೇಳಬೇಕು. ‘ನಿಮ್ಮದು ಸರಳ ಜೀವನ, ಆದರೂ ಎಷ್ಟು ಸಂತೋಷವಾಗಿದ್ದೀರಿ’, ‘ಹಸಿರಿನ ನಡುವೆ ಕಷ್ಟವೇ ತಿಳಿಯದ ಜನ’ ಎಂಬಂಥ ಹೊಗಳಿಕೆಗಳು ಹೊರಗಿನಿಂದ ಬಂದವರ ಪತ್ರಗಳಲ್ಲಿ ಆಗಾಗ ಕಾಣಿಸುತ್ತವೆ. ಮಳೆ ನಿಲ್ಲದೆ ಬೋರ್ಡೋ ಔಷಧಿಯ ಸಿಂಪಡಣೆ ತಪ್ಪಿ, ಕೊಳೆ ರೋಗಕ್ಕೆ ಎಳೆಯ ಅಡಿಕೆ ಉದುರುವುದನ್ನು ನೋಡುತ್ತ ಕೂತ ಮನೆಗೆ ಈ ಮಾತು ಹಿತವಾಗಿ ಕೇಳಿಸುವುದಿಲ್ಲ. ನೀವು ಆ ವರ್ಷ ಅಲ್ಲಿದ್ದಿರಿ, ಉದುರಿದ್ದನ್ನೂ ನೋಡಿದ್ದೀರಿ. ಬರೆಯುವುದಾದರೆ ಅದನ್ನೇ ಬರೆಯಿರಿ: ಆ ವಾರಗಳಲ್ಲಿ ಅಪ್ಪಯ್ಯನ ಮಾತು ಕಡಿಮೆಯಾಗಿತ್ತು, ಆದರೂ ಶಾಲೆಯಲ್ಲಿ ಏನಾಯಿತೆಂದು ದಿನವೂ ಕೇಳುತ್ತಿದ್ದರು.

ಎರಡು ಮೂರು ಮನೆಗಳಲ್ಲಿ ಉಳಿದವರಿಗೆ ಇನ್ನೊಂದು ಮಾತಿದೆ. ಇಂಥ ಕಾರ್ಯಕ್ರಮಗಳಲ್ಲಿ ವರ್ಷದ ನಡುವೆ ಕುಟುಂಬ ಬದಲಾಗುವುದು ಸಾಮಾನ್ಯ. ಆ ಕುಟುಂಬಗಳು ಒಂದನ್ನೊಂದು ಬಲ್ಲವು, ಪತ್ರಗಳನ್ನು ಪರಸ್ಪರ ತೋರಿಸಿಕೊಳ್ಳುತ್ತವೆ ಕೂಡ. ಪ್ರತಿ ಮನೆಗೂ ಬೇರೆಯೇ ಪತ್ರ ಬರೆಯಿರಿ, ಒಂದರ ಸಾಲು ಇನ್ನೊಂದಕ್ಕೆ ಹೋಗದಿರಲಿ. ‘ಹಿಂದಿನ ಮನೆಗಿಂತ ಇಲ್ಲಿ ಹೆಚ್ಚು ಸ್ವಾತಂತ್ರ್ಯವಿತ್ತು’ ಎಂಬಂಥ ಹೋಲಿಕೆಯಂತೂ ಬೇಡವೇ ಬೇಡ.

ಮನಸ್ತಾಪವಾಗಿದ್ದರೆ

ಒಂದು ವರ್ಷ ಒಟ್ಟಿಗೆ ಇದ್ದ ಮೇಲೆ ಮುನಿಸು ಬಾರದೇ ಇರುವುದಿಲ್ಲ. ಕತ್ತಲಾದ ಮೇಲೆ ಹೊರಗೆ ಹೋಗಬಾರದೆಂಬ ನಿಯಮ, ಊಟದ ಹೊತ್ತಿನಲ್ಲಿ ಫೋನ್, ಮಡಿಯ ದಿನ ಅಡಿಗೆ ಮನೆಗೆ ಕಾಲಿಟ್ಟದ್ದು, ಮಾಂಸಾಹಾರದ ವಿಷಯ ಇವು ಯಾವುದಾದರೂ ಒಂದು ಸಂಜೆಯನ್ನು ಕೆಡಿಸಿರುತ್ತವೆ. ಪತ್ರದಲ್ಲಿ ಅದನ್ನು ಪೂರ್ತಿ ಮರೆತವರಂತೆ ನಟಿಸುವುದೂ ಸರಿಯಲ್ಲ, ಬಿಚ್ಚಿ ಕೂರುವುದೂ ಸರಿಯಲ್ಲ. ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ’ ಎಂಬ ಸಾಲು ನಮ್ಮಲ್ಲಿ ರೂಢಿಯ ಮಾತು. ಅದನ್ನು ಬರೆದರೆ ಬೇಡವೆನ್ನುವವರಿಲ್ಲ, ಆದರೆ ಅದು ಯಾವ ನಿರ್ದಿಷ್ಟ ಮುನಿಸನ್ನೂ ಮುಟ್ಟುವುದಿಲ್ಲ.

ಇಲ್ಲಿ ಮೂರು ಅಂಶಗಳನ್ನು ನೋಡಿಕೊಂಡು ನಿರ್ಧರಿಸಿ. ಆ ವಿಷಯ ಮನೆಯ ಎಲ್ಲರಿಗೂ ಗೊತ್ತಿದೆಯೇ? ಅದು ಈಗಾಗಲೇ ತಣ್ಣಗಾಗಿದೆಯೇ? ಮನೆಯವರು ಅದರ ನಂತರ ನಿಮಗಾಗಿ ಏನನ್ನಾದರೂ ಸಡಿಲಿಸಿದರೇ? ಮೂರಕ್ಕೂ ಹೌದೆಂದಾದರೆ ಒಂದೇ ಸಾಲಿನಲ್ಲಿ, ನಗೆಯ ಅಂಚಿನಲ್ಲಿ ಅದನ್ನು ಪ್ರಸ್ತಾಪಿಸಬಹುದು. ಅವರು ಸಡಿಲಿಸಿದ್ದನ್ನು ಹೇಳಿ, ನಿಯಮದ ಸರಿ ತಪ್ಪನ್ನು ಚರ್ಚಿಸಬೇಡಿ. ಯಾವುದಕ್ಕಾದರೂ ಇಲ್ಲವೆಂದಾದರೆ ಪತ್ರದಿಂದ ಹೊರಗಿಟ್ಟು, ಹೊರಡುವ ಮೊದಲು ಸಂಬಂಧಪಟ್ಟವರೊಡನೆ ಎದುರಿಗೇ ಮಾತಾಡಿ. ನಿಜವಾಗಿಯೂ ಗಂಭೀರವಾದ ದೂರೇನಾದರೂ ಇದ್ದರೆ ಅದು ಕಾರ್ಯಕ್ರಮದ ಮೇಲ್ವಿಚಾರಕರಿಗೆ ಹೋಗಬೇಕಾದದ್ದು, ಬೀಳ್ಕೊಳ್ಳುವ ಪತ್ರಕ್ಕಲ್ಲ.

ಮುಗಿಸುವ ಸಾಲುಗಳು

ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಪತ್ರವೂ ಹಾಗೆಯೇ ಮುಗಿಯಲಿ. ಹಾಗೆ ಬರೆದದ್ದನ್ನು ಯಾರೂ ಟಿಕೆಟ್ಟು ತೆಗೆಸಿದ ವಾಗ್ದಾನವೆಂದು ತಿಳಿಯುವುದಿಲ್ಲ. ಆದರೆ ‘ಪ್ರತಿ ವರ್ಷ ಬರುತ್ತೇನೆ’, ‘ಅಕ್ಕನ ಮದುವೆಗೆ ಖಂಡಿತ ಬರುತ್ತೇನೆ’ ಎಂದರೆ ಅದು ವಾಗ್ದಾನವೇ. ಅಜ್ಜಿ ಅದನ್ನು ನಂಬಿ ಕಾಯುತ್ತಾರೆ. ವಾಗ್ದಾನ ಕೊಡಲೇಬೇಕೆನಿಸಿದರೆ ಕೈಲಾಗುವಂಥದ್ದೊಂದನ್ನು ಕೊಡಿ: ದೀಪಾವಳಿಗೆ ಪತ್ರ ಬರೆಯುತ್ತೇನೆ, ಯುಗಾದಿಗೆ ಫೋನ್ ಮಾಡುತ್ತೇನೆ.

ಕೊನೆಗೆ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಪ್ರೀತಿ. ಮಾದರಿ ಪುಸ್ತಕ ನೋಡಿ ‘ಕಿರಿಯರಿಗೆ ಆಶೀರ್ವಾದಗಳು’ ಎಂದು ಬರೆದರೆ, ನಿಮಗಿಂತ ಎರಡೇ ವರ್ಷ ಚಿಕ್ಕವನಾದ ತಮ್ಮ ಅದನ್ನು ಹಿಡಿದುಕೊಂಡು ವರ್ಷವಿಡೀ ಕಾಡಿಸುತ್ತಾನೆ. ಸಹಿಯಲ್ಲಿ ಮನೆಯವರು ನಿಮ್ಮನ್ನು ಕರೆಯುತ್ತಿದ್ದ ಹೆಸರನ್ನು ಬರೆಯಿರಿ. ನಿಮ್ಮ ಹೆಸರನ್ನು ಅವರು ತಮ್ಮ ನಾಲಿಗೆಗೆ ಹೊಂದುವಂತೆ ಬದಲಿಸಿಕೊಂಡಿದ್ದರೆ ಆ ರೂಪವೇ ಇರಲಿ.

ಒಂದು ಪೂರ್ಣ ಮಾದರಿ

ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಆಗಸ್ಟ್‌ನಿಂದ ಮೇ ತಿಂಗಳವರೆಗೆ ಉಳಿದ ಜರ್ಮನಿಯ ವಿದ್ಯಾರ್ಥಿನಿಯೊಬ್ಬಳು ಬರೆಯುವ ಪತ್ರವೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಅಪ್ಪಯ್ಯ, ಅಮ್ಮ, ಅಜ್ಜಿ, ಪಿಯುಸಿ ಓದುವ ಅಕ್ಕ, ಚಿಕ್ಕ ತಮ್ಮ ಇದ್ದಾರೆ. ಅವಳು ಆರಿಸಿಕೊಂಡ ಮೂರು ಸಂಗತಿಗಳು ಅಪ್ಪಯ್ಯನ ಟಾರ್ಚ್, ಅಮ್ಮ ತೆಗೆದಿಡುತ್ತಿದ್ದ ಸಾರು ಮತ್ತು ಅಜ್ಜಿಯ ಹಪ್ಪಳ. ಮುನಿಸಿನ ವಿಷಯ ಊಟದ ಹೊತ್ತಿನ ಫೋನು.

> ಸಾಗರ, ಮೇ 28
>
> ತೀರ್ಥರೂಪ ಸಮಾನರಾದ ಅಪ್ಪಯ್ಯನವರಿಗೆ, ಮಾತೃಶ್ರೀ ಸಮಾನರಾದ ಅಮ್ಮನವರಿಗೆ ಮತ್ತು ಅಜ್ಜಿಗೆ ನಮಸ್ಕಾರಗಳು.
>
> ಇದನ್ನು ಮಹಡಿಯ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಕ ಓದಿ ಹೇಳಲಿ. ತಪ್ಪು ಕನ್ನಡವಿದ್ದರೆ ತಿದ್ದದೆ ಓದಲಿ.
>
> ನಾನು ಬಂದ ತಿಂಗಳು ಮಳೆ ನಿಲ್ಲಲೇ ಇಲ್ಲ. ಶಾಲೆಯಿಂದ ಕೊನೆಯ ಬಸ್ಸಿಗೆ ಬರುವ ದಿನ ಅಪ್ಪಯ್ಯ ಟಾರ್ಚ್ ಹಿಡಿದು ತಿರುವಿನಲ್ಲಿ ನಿಂತಿರುತ್ತಿದ್ದರು. ತಡವಾಯಿತೆಂದು ಬೈಯಲಿಲ್ಲ. ಮುಂದೆ ನಡೆಯುತ್ತ ಬೆಳಕನ್ನು ಮಾತ್ರ ಹಿಂದಕ್ಕೆ, ನನ್ನ ಕಾಲಿನ ಕಡೆಗೆ ತಿರುಗಿಸಿ ಹಿಡಿಯುತ್ತಿದ್ದರು. ಅಪ್ಪಯ್ಯ ಕತ್ತಲಲ್ಲಿ ನಡೆಯುತ್ತಿದ್ದಾರೆಂದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.
>
> ಅಮ್ಮ, ಸಾರಿಗೆ ಒಗ್ಗರಣೆ ಹಾಕುವ ಮೊದಲು ನೀವು ನನಗಾಗಿ ಒಂದು ಬಟ್ಟಲು ತೆಗೆದಿಡುತ್ತಿದ್ದಿರಿ. ಸಂಕ್ರಾಂತಿಯ ಹೊತ್ತಿಗೆ ನನಗೆ ಖಾರ ಅಭ್ಯಾಸವಾಗಿತ್ತು. ಆದರೂ ಹೇಳಲಿಲ್ಲ, ಆ ಬಟ್ಟಲು ಸಿಗದೆ ಹೋದೀತೆಂದು. ಈಗ ಹೇಳುತ್ತಿದ್ದೇನೆ.
>
> ಅಜ್ಜಿ ನನಗೆ ಹಲಸಿನ ಹಪ್ಪಳ ಒತ್ತಲು ಕಲಿಸಿದರು. ನನ್ನ ಹಪ್ಪಳಗಳ ಅಂಚು ದಪ್ಪವಾಗಿ ಒಳಗೇ ಹಸಿ ಉಳಿಯುತ್ತಿತ್ತು. ಅಜ್ಜಿ ಅವನ್ನು ಬಿಸಾಡದೆ ಬೇರೆಯಾಗಿ ಒಣಗಿಸಿ, ‘ಇದು ಇವಳು ಬಂದಾಗ ಕರಿಯಲಿಕ್ಕೆ’ ಎಂದು ಡಬ್ಬಿಯಲ್ಲಿ ಇಟ್ಟಿದ್ದಾರೆ. ತಮ್ಮ ಅದನ್ನು ಮುಟ್ಟಬಾರದು.
>
> ಊಟದ ಹೊತ್ತಿನಲ್ಲಿ ನಾನು ಫೋನ್ ನೋಡುತ್ತಿದ್ದುದು ನಿಮಗೆ ಇಷ್ಟವಿರಲಿಲ್ಲ. ಆದರೆ ಅಲ್ಲಿ ನನ್ನ ಅಜ್ಜನಿಗೆ ಹುಷಾರಿಲ್ಲದ ವಾರ ನೀವೇ ಫೋನನ್ನು ಎಲೆಯ ಪಕ್ಕ ತಂದಿಟ್ಟಿರಿ.
>
> ನನ್ನ ಕಾಲಿನಿಂದ ಉಂಬಳ ಬಿಡಿಸಿಕೊಟ್ಟ, ಕೊನೆ ಹಿಡಿಯಲು ಕಲಿಸಿದ ಕೊನೆಗಾರರಿಗೆ, ಅಡಿಗೆ ಮನೆಯಲ್ಲಿ ಹಾಡು ಕಲಿಸಿದ ಅಕ್ಕಯ್ಯನಿಗೆ, ಆಸ್ಪತ್ರೆಗೆ ಕರೆದೊಯ್ದ ಪಕ್ಕದ ಮನೆಯ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ.
>
> ದೀಪಾವಳಿಗೆ ಪತ್ರ ಬರೆಯುತ್ತೇನೆ. ಅಜ್ಜಿಗೆ ನಮಸ್ಕಾರ, ಅಕ್ಕನಿಗೂ ತಮ್ಮನಿಗೂ ಪ್ರೀತಿ. ಹೋಗಿ ಬರುತ್ತೇನೆ.
>
> ಇತಿ ನಿಮ್ಮ,
> ಪುಟ್ಟಿ

ಈ ಪತ್ರದ ಕನ್ನಡ ಸರಳವಾಗಿದೆ ಎಂಬುದನ್ನು ಗಮನಿಸಿ. ತಿದ್ದಿಕೊಡುವ ಮೇಷ್ಟರು ಅದನ್ನು ‘ತಮ್ಮ ಅಪಾರ ವಾತ್ಸಲ್ಯದ ಛತ್ರಛಾಯೆಯಲ್ಲಿ’ ಎಂದು ಏರಿಸಿದರೆ ಮನೆಯವರಿಗೆ ಅದು ಯಾರ ಕೈವಾಡವೆಂದು ಕೂಡಲೇ ಗೊತ್ತಾಗುತ್ತದೆ. ಸಹಾಯಕರು ಗೌರವ ವಾಚಕಗಳನ್ನು, ಅರ್ಥ ಕೆಡಿಸುವ ಒತ್ತಕ್ಷರಗಳನ್ನು ತಿದ್ದಲಿ. ಒಂದೆರಡು ಸಣ್ಣ ಕಾಗುಣಿತದ ತಪ್ಪು ಉಳಿದರೆ ನಷ್ಟವಿಲ್ಲ. ಕನ್ನಡ ಬರವಣಿಗೆ ಅಷ್ಟು ಬಾರದಿದ್ದರೆ, ಆರಂಭ ಮತ್ತು ಮುಕ್ತಾಯವನ್ನು ಕನ್ನಡದಲ್ಲಿ ಸ್ವಂತ ಕೈಯಿಂದ ಬರೆದು ನಡುವಿನದನ್ನು ಇಂಗ್ಲಿಷಿನಲ್ಲಿ ಬರೆಯಬಹುದು; ಓದಿ ಹೇಳುವ ಅಕ್ಕ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿಯಾಳು.

ಪ್ರತಿ ಮಾಡುವುದು, ಕೊಡುವುದು

ಕರಡನ್ನು ಒಂದು ದಿನ ಬಿಟ್ಟು, ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತೊಡರಿದ ಕಡೆ ವಾಕ್ಯವನ್ನು ಮುರಿಯಿರಿ. ಶುದ್ಧ ಪ್ರತಿಗೆ ಬಾಲ್ ಪೆನ್ ಬಳಸಿ. ಜೆಲ್ ಪೆನ್ನಿನ ಮತ್ತು ಇಂಕ್ ಪೆನ್ನಿನ ಅಕ್ಷರ ಚೆಂದ ಕಂಡರೂ ಮಲೆನಾಡಿನ ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ, ಮತ್ತು ಇವರು ಪತ್ರವನ್ನು ದೇವರ ಗೂಡಿನ ಪಕ್ಕದ ಪೆಟ್ಟಿಗೆಯಲ್ಲೋ ಕಪಾಟಿನಲ್ಲೋ ಇಡುತ್ತಾರೆ. ಬೂಸಲು ಹಿಡಿಯದಂತೆ ಪಾರದರ್ಶಕ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇಟ್ಟು ಕೊಟ್ಟರೆ ಅವರಿಗೂ ಸುಲಭ. ಜೊತೆಗೆ ಫೋಟೋ ಇಡುವುದಾದರೆ ಮುದ್ರಿಸಿದ್ದನ್ನು ಇಡಿ, ಆದರೆ ಅದರ ಬೆನ್ನ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಡಿ. ಗೆರೆ ಮುಂದಿನ ಮಗ್ಗುಲಿಗೆ ಮೂಡುತ್ತದೆ. ಉಡುಗೊರೆಯನ್ನು ಪತ್ರದಿಂದ ಬೇರೆಯಾಗಿ, ಮೊದಲೇ ಕೊಡಿ. ಲಕೋಟೆಯಲ್ಲಿ ಹಣ ಇಡುವುದಂತೂ ಸಲ್ಲ. ಈ ಕುಟುಂಬಗಳು ಹಣಕ್ಕಾಗಿ ನಿಮ್ಮನ್ನು ಇಟ್ಟುಕೊಂಡವಲ್ಲ, ನೋಟು ಕಂಡರೆ ಲೆಕ್ಕ ಚುಕ್ತಾ ಮಾಡಿದಿರೆಂಬ ಅರ್ಥ ಬರುತ್ತದೆ.

ಕೊಡುವ ಹೊತ್ತನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಹಿಂದಿನ ರಾತ್ರಿ ಕೊಟ್ಟರೆ ಬೆಳಗಿನವರೆಗೆ ಯಾರಿಗೂ ನಿದ್ದೆಯಿರುವುದಿಲ್ಲ, ಮತ್ತು ಅವರ ಮುಂದೆಯೇ ಓದಿಸಿಕೊಳ್ಳುವ ಮುಜುಗರ ನಿಮಗೆ. ದಿಂಬಿನ ಕೆಳಗೆ ಇಟ್ಟು ಹೋದರೆ ಯಾವಾಗ ಸಿಗುತ್ತದೋ ತಿಳಿಯದು. ಹೊರಡುವಾಗ ದೇವರಿಗೂ ಹಿರಿಯರಿಗೂ ನಮಸ್ಕಾರ ಮಾಡಿ, ಕುಂಕುಮ ಹಚ್ಚಿಸಿಕೊಂಡ ಮೇಲೆ, ಮನೆಯ ಹಿರಿಯರ ಕೈಗೆ ಎರಡೂ ಕೈಯಿಂದ ಕೊಟ್ಟು ‘ಆಮೇಲೆ ಓದಿ’ ಎನ್ನುವುದೇ ಹೆಚ್ಚು ಅನುಕೂಲವೆಂದು ನನ್ನ ಅಭಿಪ್ರಾಯ. ಬಸ್ಸು ತಾಳಗುಪ್ಪದ ರೈಲಿಗೆ ಮುಟ್ಟಿಸುವ ಅವಸರದಲ್ಲಿರುವಾಗ ಈ ಕೆಲಸ ತಪ್ಪಿಹೋಗುವುದುಂಟು, ಆದ್ದರಿಂದ ಪತ್ರ ಕೈಚೀಲದ ಮೇಲಿನ ಜೇಬಿನಲ್ಲೇ ಇರಲಿ.

ಊರು ಮುಟ್ಟಿದ ಮೇಲೆ

ಮುಟ್ಟಿದ ದಿನವೇ ಫೋನ್ ಮಾಡಿ. ಹದಿನೈದು ದಿನದೊಳಗೆ ಒಂದು ಚಿಕ್ಕ ಪತ್ರ ಹಾಕಿ. ಇದರಲ್ಲಿ ಹಳೆಯ ನೆನಪುಗಳನ್ನು ಮತ್ತೆ ಹೇಳುವ ಬದಲು ಅವರು ಕೇಳಲು ಕಾಯುತ್ತಿರುವ ಸಂಗತಿಗಳನ್ನು ಹೇಳಿ: ದಾರಿಯಲ್ಲಿ ಏನು ತಿಂದಿರಿ, ಕಟ್ಟಿಕೊಟ್ಟ ಉಪ್ಪಿನಕಾಯಿ ಸೋರಿತೇ, ಹಪ್ಪಳ ಮುರಿಯದೆ ಬಂತೇ, ನಿಮ್ಮ ಮನೆಯವರು ಅದನ್ನು ತಿಂದು ಏನೆಂದರು. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಮನೆಯ ತುಪ್ಪ ಅದರಲ್ಲಿ ಸೇರುತ್ತದೆಯಾದ್ದರಿಂದ ಡಬ್ಬಿ ಕಟ್ಟುವ ಮೊದಲೇ ಅಮ್ಮನಿಗೆ ಇದನ್ನು ತಿಳಿಸಿರಬೇಕು. ತಿಳಿಸದೆ ತಂದು ವಿಮಾನ ನಿಲ್ದಾಣದಲ್ಲಿ ಕಳೆದುಕೊಂಡರೆ ಪತ್ರದಲ್ಲಿ ‘ತುಪ್ಪ ರುಚಿಯಾಗಿತ್ತು’ ಎಂದು ಬರೆಯುವ ಸಂಕಟ ಬರುತ್ತದೆ.

ವಿಳಾಸವನ್ನು ಹೊರಡುವ ಮೊದಲೇ ಅಪ್ಪಯ್ಯನ ಕೈಯಲ್ಲಿ ಬರೆಸಿಕೊಳ್ಳಿ. ತೋಟದ ಮನೆಗಳ ವಿಳಾಸದಲ್ಲಿ ಊರಿನ ಹೆಸರೇ ಬೇರೆ, ಅಂಚೆ ಕಚೇರಿ ಇರುವ ಊರಿನ ಹೆಸರೇ ಬೇರೆ ಇರುವುದುಂಟು. ಮನೆಯ ಯಜಮಾನರ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಆರಂಕಿಯ ಪಿನ್ ಕೋಡ್, ಕೊನೆಯಲ್ಲಿ ಫೋನ್ ನಂಬರ್ ಈ ಕ್ರಮದಲ್ಲಿ ಇರಲಿ. ಹೊರದೇಶದಿಂದ ಕಳಿಸುವಾಗ ಇಂಗ್ಲಿಷಿನಲ್ಲಿ ಪೂರ್ತಿ ವಿಳಾಸ ಬರೆದು, ದೇಶದ ಹೆಸರನ್ನು ಕೊನೆಯ ಸಾಲಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಸೇರಿಸಿ; ಪಕ್ಕದಲ್ಲಿ ಊರು ಮತ್ತು ಅಂಚೆಯ ಹೆಸರನ್ನು ಕನ್ನಡದಲ್ಲೂ ಬರೆದಿದ್ದರೆ ಊರಿನ ಪೋಸ್ಟ್‌ಮ್ಯಾನ್‌ಗೆ ಗುರುತಿಸಲು ಸುಲಭ. ಜೂನ್ ಜುಲೈ ಮಳೆಯಲ್ಲಿ ಟಪಾಲು ತಡವಾಗಬಹುದಾದ್ದರಿಂದ, ಉತ್ತರ ಬರಲಿಲ್ಲವೆಂದು ಬೇಸರಿಸುವ ಮೊದಲು ಪತ್ರ ಸಿಕ್ಕಿತೇ ಎಂದು ಅಕ್ಕನಿಗೆ ಒಂದು ಫೋನ್ ಮಾಡಿ ಕೇಳಿ.